ಎತ್ತರದಲ್ಲಿ ನಿದ್ದೆ: ಎವರೆಸ್ಟ್ ಬೇಸ್ ಕ್ಯಾಂಪ್ ದಾರಿಯಲ್ಲಿ ಉಸಿರು ನಿಂತು ನಿಂತು ಬಂದರೆ ಏನು ಮಾಡಬೇಕು

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಟವರು ದಿಂಗ್‌ಬೋಚೆ ತಲುಪುವ ಹೊತ್ತಿಗೆ, ಅಂದರೆ ಸುಮಾರು 4,400 ಮೀಟರ್ ಎತ್ತರದಲ್ಲಿ, ಬೆಳಗಿನ ಚಹಾದ ಜೊತೆಗಿನ ಮಾತು ಬದಲಾಗಿರುತ್ತದೆ. ಮಂಡಿನೋವು, ಶೂ ಕಚ್ಚಿದ ಗಾಯ ಎಲ್ಲ ಹಿಂದೆ ಸರಿದು, ‘ರಾತ್ರಿ ಉಸಿರೇ ನಿಂತಹಾಗಾಗಿ ಎದ್ದು ಕೂತೆ’ ಎನ್ನುವುದು ಮುಂದೆ ಬರುತ್ತದೆ. ಪಕ್ಕದ ಮಂಚದವರ ಗಾಬರಿ ಇನ್ನೂ ದೊಡ್ಡದು. ಜೊತೆಗಾರ ನಾಲ್ಕು ಸಲ ಜೋರಾಗಿ ಉಸಿರಾಡಿ ಹತ್ತು ಸೆಕೆಂಡು ಸುಮ್ಮನಾಗಿಬಿಡುವುದನ್ನು ಕತ್ತಲಲ್ಲಿ ಕೇಳುತ್ತಾ, ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಅವರು ಎಣಿಸುತ್ತಾ ಮಲಗಿರುತ್ತಾರೆ.

ಹೀಗೆ ನಿಂತು ನಿಂತು ಬರುವ ಉಸಿರು ಆ ಎತ್ತರದಲ್ಲಿ ಕಾಯಿಲೆಯಲ್ಲ. ಸಮುದ್ರಮಟ್ಟದಿಂದ ಹೋದವರಲ್ಲಿ 4,000 ಮೀಟರ್ ದಾಟಿದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಇದು ಇರುತ್ತದೆ. ಕೆಲವರಿಗೆ 2,500 ಮೀಟರಿನಲ್ಲೇ ಶುರುವಾಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಶ್ವಾಸಕೋಶದಲ್ಲಿ ನೀರು ತುಂಬುವ ನಿಜವಾದ ಅಪಾಯವೂ ರಾತ್ರಿಯಲ್ಲೇ ಬಲಿಯುತ್ತದೆ, ಅದೂ ಉಸಿರಿನ ತೊಂದರೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಎರಡನ್ನೂ ಬೇರ್ಪಡಿಸಲು ಬಾರದವರು ಒಂದೋ ಸುಮ್ಮನೆ ಹೆದರಿ ಕೆಳಗಿಳಿಯುತ್ತಾರೆ, ಇಲ್ಲವೇ ‘ಎತ್ತರದಲ್ಲಿ ಎಲ್ಲರಿಗೂ ಹೀಗೇ’ ಎಂದುಕೊಂಡು ಇಳಿಯಬೇಕಾದಾಗ ಮಲಗಿಯೇ ಇರುತ್ತಾರೆ. ಎರಡನೆಯದು ಪ್ರಾಣಕ್ಕೆ ಕುತ್ತು.

ಉಸಿರು ಯಾಕೆ ನಿಲ್ಲುತ್ತದೆ

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಅದು ಎಲ್ಲೆಡೆ ಶೇಕಡಾ 21ರ ಆಸುಪಾಸೇ. ಕಡಿಮೆಯಾಗುವುದು ಗಾಳಿಯ ಒತ್ತಡ. 5,364 ಮೀಟರಿನ ಬೇಸ್ ಕ್ಯಾಂಪಿನಲ್ಲಿ ಅದು ಸಮುದ್ರಮಟ್ಟದ ಸುಮಾರು ಅರ್ಧ. ಹಾಗಾಗಿ ಒಂದೊಂದು ಉಸಿರಿನಲ್ಲೂ ಒಳಗೆ ಹೋಗುವ ಆಮ್ಲಜನಕ ಅರ್ಧಕ್ಕೆ ಇಳಿಯುತ್ತದೆ. ಕುತ್ತಿಗೆಯ ಎರಡೂ ಪಕ್ಕ, ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಅಂಗಗಳಿವೆ. ರಕ್ತದಲ್ಲಿ ಆಮ್ಲಜನಕ ಇಳಿದದ್ದನ್ನು ಅವು ಗುರುತಿಸಿ ‘ಇನ್ನೂ ಜೋರಾಗಿ ಉಸಿರಾಡು’ ಎಂದು ಮೆದುಳಿಗೆ ಸೂಚನೆ ಕೊಡುತ್ತವೆ.

ಜೋರಾಗಿ ಉಸಿರಾಡಿದರೆ ಆಮ್ಲಜನಕ ಸ್ವಲ್ಪ ಹೆಚ್ಚು ಸಿಗುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗಿಬಿಡುತ್ತದೆ. ಎಚ್ಚರವಿರುವಾಗ ಇದರಿಂದ ಅಷ್ಟು ತೊಂದರೆಯಿಲ್ಲ. ನಿದ್ದೆ ಬಂದಾಗ ಮಾತ್ರ ಉಸಿರಾಟ ಬಹುಮಟ್ಟಿಗೆ ಡೈಆಕ್ಸೈಡಿನ ಪ್ರಮಾಣವನ್ನೇ ನಂಬಿಕೊಂಡು ನಡೆಯುತ್ತದೆ. ಆ ಪ್ರಮಾಣ ಒಂದು ಮಿತಿಗಿಂತ ಕೆಳಗಿಳಿದರೆ ಉಸಿರಾಡುವ ಅಗತ್ಯವೇ ಇಲ್ಲವೆಂಬಂತೆ ಮೆದುಳು ಸುಮ್ಮನಾಗುತ್ತದೆ. ಸಾಮಾನ್ಯವಾಗಿ 5ರಿಂದ 15 ಸೆಕೆಂಡು ಎದೆ ಅಲ್ಲಾಡುವುದೇ ಇಲ್ಲ. ಅಷ್ಟರಲ್ಲಿ ಡೈಆಕ್ಸೈಡ್ ಮತ್ತೆ ಏರಿ, ಆಮ್ಲಜನಕ ಇನ್ನೂ ಇಳಿದು, ಎರಡೂ ಒಟ್ಟಿಗೆ ಒತ್ತಾಯಿಸಿದಾಗ ಮೂರು ನಾಲ್ಕು ಆಳವಾದ ಉಸಿರು ಬರುತ್ತದೆ. ಆ ಉಸಿರು ಮತ್ತೆ ಡೈಆಕ್ಸೈಡನ್ನು ಮಿತಿಗಿಂತ ಕೆಳಗಿಳಿಸುತ್ತದೆ. ಹೀಗೆ ಒಂದೊಂದು ಸುತ್ತು ಸುಮಾರು 20ರಿಂದ 30 ಸೆಕೆಂಡಿನಂತೆ ರಾತ್ರಿಯಿಡೀ ನಡೆಯಬಹುದು.

ಶ್ವಾಸಕೋಶದಲ್ಲಿ ಆದ ಬದಲಾವಣೆ ರಕ್ತದ ಮೂಲಕ ಕುತ್ತಿಗೆಗೂ ಮೆದುಳಿಗೂ ತಲುಪಲು ಕೆಲವು ಸೆಕೆಂಡು ಬೇಕು ಎನ್ನುವುದೇ ಇದರ ಗುಟ್ಟು. ಬಚ್ಚಲಮನೆಯಲ್ಲಿ ಬಿಸಿನೀರು ತಡವಾಗಿ ಬರುವ ನಲ್ಲಿಯನ್ನು ತಿರುಗಿಸಿದ ಹಾಗೆ: ತಣ್ಣಗಿದೆ ಎಂದು ತಿರುಗಿಸುತ್ತಲೇ ಹೋಗುತ್ತೀರಿ, ಬಂದಾಗ ಕೈ ಸುಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಮತ್ತೆ ತಣ್ಣೀರು. ಕುತ್ತಿಗೆಯ ಆ ಅಂಗಗಳು ಎಷ್ಟು ಚುರುಕೋ ಈ ಏರಿಳಿತ ಅಷ್ಟು ಹೆಚ್ಚು. ತಗ್ಗಿನ ಊರುಗಳಿಂದ ಹೋದವರ ಉಸಿರು ನಿಂತು ನಿಂತು ಬರುವ ಎತ್ತರದಲ್ಲೇ ಶೆರ್ಪಾಗಳು ಸಮನಾಗಿ ಉಸಿರಾಡುತ್ತಾ ಮಲಗುವುದು ಇದೇ ಕಾರಣಕ್ಕೆ. ಆಮ್ಲಜನಕದ ಇಳಿಕೆಗೆ ಅವರ ದೇಹ ಅಷ್ಟು ಆವೇಶದಿಂದ ಸ್ಪಂದಿಸುವುದಿಲ್ಲ. ಉಸಿರು ಹೀಗೆ ನಿಂತು ನಿಂತು ಬರುವುದು ಗಂಡಸರಲ್ಲಿ ಹೆಂಗಸರಿಗಿಂತ ಹೆಚ್ಚು ಕಾಣುತ್ತದೆ.

ಆಳವಾದ ಉಸಿರಿನ ಹೊತ್ತಿಗೆ ಎಷ್ಟೋ ಸಲ ಅರೆ ಎಚ್ಚರವಾಗುತ್ತದೆ. ಬೆಳಿಗ್ಗೆ ನೆನಪಿರದಿದ್ದರೂ ನಿದ್ದೆ ಚೂರುಚೂರಾಗಿರುತ್ತದೆ, ಗಾಢನಿದ್ದೆಯ ಪಾಲು ಕಡಿಮೆಯಾಗಿರುತ್ತದೆ. ಎಂಟು ಗಂಟೆ ಮಲಗಿದ್ದೂ ‘ಕಣ್ಣೇ ಮುಚ್ಚಲಿಲ್ಲ’ ಅನ್ನಿಸುವುದು ಹೀಗೆ.

ಒಗ್ಗುವುದೆಂದರೆ ಒಳಗೆ ಆಗುವುದೇನು

ಡೈಆಕ್ಸೈಡ್ ಕಡಿಮೆಯಾದರೆ ರಕ್ತ ಕ್ಷಾರದ ಕಡೆ ವಾಲುತ್ತದೆ. ಕ್ಷಾರ ಹೆಚ್ಚಾದರೆ ಉಸಿರಾಟಕ್ಕೆ ತಡೆ ಬೀಳುತ್ತದೆ. ಮೊದಲ ರಾತ್ರಿಗಳಲ್ಲಿ ದೇಹ ಈ ಇಕ್ಕಟ್ಟಿನಲ್ಲೇ ಇರುತ್ತದೆ: ಆಮ್ಲಜನಕ ಕಡಿಮೆ ಎಂದು ಒಂದು ಕಡೆಯಿಂದ ದೂಡು, ರಕ್ತ ಕ್ಷಾರವಾಗಿದೆ ಎಂದು ಇನ್ನೊಂದು ಕಡೆಯಿಂದ ತಡೆ. ಇದನ್ನು ಬಿಡಿಸುವುದು ಮೂತ್ರಪಿಂಡ. ರಕ್ತದ ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಹಾಕಿ ಅದು ಕ್ಷಾರವನ್ನು ಇಳಿಸುತ್ತದೆ. ಇದು ಗಂಟೆಗಳ ಕೆಲಸವಲ್ಲ, ದಿನಗಳದ್ದು. ಒಂದೇ ಎತ್ತರದಲ್ಲಿ ಉಳಿದರೆ ಎರಡು ಮೂರು ದಿನಗಳಲ್ಲಿ ಅದರ ದೊಡ್ಡ ಪಾಲು ಮುಗಿಯುತ್ತದೆ. ಎತ್ತರಕ್ಕೆ ಹೋದಾಗ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಒಳ್ಳೆಯ ಸೂಚನೆ. ಚೆನ್ನಾಗಿ ನೀರು ಕುಡಿದೂ ಮೂತ್ರ ಕಡಿಮೆಯಾಗಿದ್ದರೆ ಅದನ್ನು ಗಮನಿಸಬೇಕು.

ಕೆಂಪು ರಕ್ತಕಣ ಹೆಚ್ಚುವುದೇ ಒಗ್ಗುವುದು ಎಂದು ಬಹಳ ಜನ ನಂಬಿದ್ದಾರೆ. ಹೊಸ ಕಣಗಳು ಗಮನಾರ್ಹವಾಗಿ ಹೆಚ್ಚಲು ವಾರಗಳು ಬೇಕು. ಹನ್ನೆರಡು ದಿನದ ಚಾರಣದಲ್ಲಿ ಅವುಗಳ ಪಾತ್ರ ಚಿಕ್ಕದು. ಮೊದಲ ದಿನಗಳಲ್ಲಿ ರಕ್ತ ಗಟ್ಟಿಯಾದಂತೆ ಕಾಣುವುದು ಅದರ ನೀರಿನಂಶ ಇಳಿದದ್ದರಿಂದ. ನಿಮ್ಮನ್ನು ಆ ದಿನಗಳಲ್ಲಿ ಕಾಯುವುದು ಹೆಚ್ಚಿದ ಉಸಿರಾಟ, ಅದಕ್ಕೆ ದಾರಿ ಬಿಡಿಸಿಕೊಡುವ ಮೂತ್ರಪಿಂಡ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಬೇಕು. ‘ಒಗ್ಗಿದ ಮೇಲೆ ಉಸಿರು ನಿಲ್ಲುವುದು ನಿಂತುಹೋಗುತ್ತದೆ’ ಎಂದು ಕಾಯಬೇಡಿ. ದಿನ ಕಳೆದಂತೆ ಆಮ್ಲಜನಕದ ಮಟ್ಟ ಏರುತ್ತದೆ, ನಿದ್ದೆಯೂ ಸುಧಾರಿಸುತ್ತದೆ, ಆದರೆ ಉಸಿರಿನ ಏರಿಳಿತ ಹಾಗೇ ಉಳಿಯಬಹುದು. ಕೆಲವರಲ್ಲಿ ಹೆಚ್ಚೂ ಆಗಬಹುದು, ಏಕೆಂದರೆ ಒಗ್ಗುವಾಗ ಕುತ್ತಿಗೆಯ ಆ ಅಂಗಗಳು ಇನ್ನಷ್ಟು ಚುರುಕಾಗುತ್ತವೆ. ಆದ್ದರಿಂದ ನೀವು ಒಗ್ಗಿದ್ದೀರಾ ಎಂದು ಉಸಿರು ನಿಲ್ಲುವುದರಿಂದ ಅಳೆಯಲಾಗದು. ಬೆಳಗಿನ ತಲೆನೋವು, ಹಸಿವು, ನಡಿಗೆ ಇವುಗಳಿಂದ ಅಳೆಯಬೇಕು. ಎತ್ತರಕ್ಕೆ ದೇಹ ಒಗ್ಗದೆ ಬರುವ ಪರ್ವತ ಕಾಯಿಲೆಯನ್ನು ಅಳೆಯುವ ಲೇಕ್ ಲೂಯಿಸ್ ಅಂಕಪಟ್ಟಿಯಿಂದಲೂ 2018ರಲ್ಲಿ ನಿದ್ದೆಯ ಪ್ರಶ್ನೆಯನ್ನು ಕೈಬಿಟ್ಟರು. ಕೆಟ್ಟ ನಿದ್ದೆ ಉಳಿದ ಲಕ್ಷಣಗಳ ಜೊತೆ ಸರಿಯಾಗಿ ಹೊಂದುತ್ತಿರಲಿಲ್ಲ.

ಹೊರಡುವ ಮುಂಚೆ ಕುಮಾರಪರ್ವತ, ಮುಳ್ಳಯ್ಯನಗಿರಿ ಹತ್ತಿ ತಯಾರಾಗುವುದು ಕಾಲಿಗೂ ಎದೆಗೂ ಒಳ್ಳೆಯದೇ. ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ, ಅಲ್ಲಿ ಒಗ್ಗುವ ಕೆಲಸ ಶುರುವೇ ಆಗುವುದಿಲ್ಲ. ಮ್ಯಾರಥಾನ್ ಓಡುವವರಿಗೂ ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಅವರು ಬೇಗ ಹತ್ತಬಲ್ಲರು, ಆದ್ದರಿಂದ ಬೇಗ ಕಾಯಿಲೆಯನ್ನೂ ತಂದುಕೊಳ್ಳಬಲ್ಲರು.

ಮೊದಲ ಹೆಜ್ಜೆ: ಮಲಗುವ ಎತ್ತರದ ಲೆಕ್ಕ

ನಿದ್ದೆಯ ತಯಾರಿ ಊರಲ್ಲೇ, ಕಾಗದದ ಮೇಲೆ ಆಗಬೇಕು. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎನ್ನುವುದು ಮುಖ್ಯ. ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಊರಿನಲ್ಲಿ ಎರಡನೇ ರಾತ್ರಿ ಉಳಿಯಬೇಕು.

ಸಾಮಾನ್ಯವಾಗಿ ಮಾರುವ ಕಾರ್ಯಕ್ರಮ ಹೀಗಿರುತ್ತದೆ: ಲುಕ್ಲಾಕ್ಕೆ ವಿಮಾನ, ಫಾಕ್ದಿಂಗ್‌ನಲ್ಲಿ (ಸುಮಾರು 2,610 ಮೀಟರ್) ಒಂದು ರಾತ್ರಿ, ನಾಮ್ಚೆಯಲ್ಲಿ (3,440) ಎರಡು, ತೆಂಗ್‌ಬೋಚೆಯಲ್ಲಿ (3,860) ಒಂದು, ದಿಂಗ್‌ಬೋಚೆಯಲ್ಲಿ (4,410) ಎರಡು, ಆಮೇಲೆ ಲೊಬುಚೆ (4,940), ಗೊರಕ್ ಶೆಪ್ (5,164). ಕೂಡಿ ಕಳೆದು ನೋಡಿ. ಫಾಕ್ದಿಂಗ್‌ನಿಂದ ನಾಮ್ಚೆಗೆ ಒಂದೇ ದಿನ 830 ಮೀಟರ್ ಏರಿಕೆ. ತೆಂಗ್‌ಬೋಚೆಯಿಂದ ದಿಂಗ್‌ಬೋಚೆಗೆ 550, ದಿಂಗ್‌ಬೋಚೆಯಿಂದ ಲೊಬುಚೆಗೆ 530. ನಿಯಮ ಮೂರು ಕಡೆ ಮುರಿದಿದೆ, ಕೊನೆಯದು ಅತಿ ಎತ್ತರದಲ್ಲಿ. ಬಹಳ ಜನ ಇದನ್ನು ಸುರಕ್ಷಿತವಾಗಿ ಮುಗಿಸುತ್ತಾರೆ, ನಿಜ. ಆದರೆ ಲೊಬುಚೆಯ ರಾತ್ರಿಗೆ ಅಷ್ಟು ಕೆಟ್ಟ ಹೆಸರು ಬಂದದ್ದಕ್ಕೂ ಈ ಲೆಕ್ಕಕ್ಕೂ ಸಂಬಂಧವಿದೆ.

ಒಂದೇ ಒಂದು ದಿನ ಸೇರಿಸಿ ಇದನ್ನು ಸರಿಮಾಡಬಹುದು:

- 1ನೇ ರಾತ್ರಿ: ಫಾಕ್ದಿಂಗ್ ದಾಟಿ ಮೊಂಜೊ, 2,835 ಮೀಟರ್
- 2 ಮತ್ತು 3: ನಾಮ್ಚೆ, 3,440
- 4: ತೆಂಗ್‌ಬೋಚೆಯ ಬದಲು ಪಾಂಗ್‌ಬೋಚೆ, ಸುಮಾರು 3,930 (ಏರಿಕೆ 490)
- 5 ಮತ್ತು 6: ದಿಂಗ್‌ಬೋಚೆ, 4,410 (ಏರಿಕೆ 480)
- 7: ತುಕ್ಲಾ, ಸುಮಾರು 4,620 (ಏರಿಕೆ 210)
- 8: ಲೊಬುಚೆ, 4,940 (ಏರಿಕೆ 320)
- 9: ಗೊರಕ್ ಶೆಪ್, 5,164 (ಏರಿಕೆ 224)

ಮೊಂಜೊದಿಂದ ನಾಮ್ಚೆಗೆ ಇನ್ನೂ 600 ಮೀಟರಿನಷ್ಟು ಉಳಿಯುತ್ತದೆ. ನಡುವೆ ತಂಗುವ ಊರಿಲ್ಲ, ಅದಕ್ಕೇ ನಾಮ್ಚೆಯ ಎರಡನೇ ರಾತ್ರಿಯನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ನಾಮ್ಚೆಯಿಂದ ಪಾಂಗ್‌ಬೋಚೆಯ ದಿನ ಉದ್ದವಾಗುತ್ತದೆ, ಬೆಳಿಗ್ಗೆ ಬೇಗ ಹೊರಡಬೇಕು. ತುಕ್ಲಾದಲ್ಲಿ ವಸತಿ ಬೆರಳೆಣಿಕೆಯಷ್ಟು, ಅಕ್ಟೋಬರಿನ ಜನಜಂಗುಳಿಯಲ್ಲಿ ಗೈಡ್ ಮೊದಲೇ ಹೇಳಿಟ್ಟಿರಬೇಕು. ಗೊರಕ್ ಶೆಪ್‌ನಲ್ಲಿ ಮಲಗುವುದೇ ಬೇಡವೆನ್ನುವವರು ಲೊಬುಚೆಯಿಂದ ನಸುಕಿನಲ್ಲಿ ಹೊರಟು ಬೇಸ್ ಕ್ಯಾಂಪ್ ಮುಟ್ಟಿ ಅಂದೇ ಲೊಬುಚೆಗೆ ಮರಳಬಹುದು. ದಣಿವಿನ ದಿನ ಅದು, ಆದರೆ ಲೊಬುಚೆಯಲ್ಲಿ ಸರಿಯಾಗಿ ಮಲಗಿದವರಿಗೆ ನಮ್ಮ ಆಯ್ಕೆ ಅದೇ.

ವಿಶ್ರಾಂತಿಯ ದಿನವೆಂದರೆ ಹೊದ್ದು ಮಲಗುವ ದಿನವಲ್ಲ. ನಾಮ್ಚೆಯಿಂದ 3,880 ಮೀಟರಿನ ಎವರೆಸ್ಟ್ ವ್ಯೂ ಹೋಟೆಲಿನವರೆಗೆ, ದಿಂಗ್‌ಬೋಚೆಯಿಂದ ಊರ ಹಿಂದಿನ ನಂಗ್‌ಕಾರ್ತ್‌ಶಾಂಗ್ ಗುಡ್ಡದ ಕಡೆ ನಿಧಾನವಾಗಿ ಹತ್ತಿ, ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನ ಇಳಿದು ಬನ್ನಿ. ಹಗಲು ಮೇಲೆ, ರಾತ್ರಿ ಕೆಳಗೆ. ಏದುಸಿರು ಬರುವಷ್ಟು ಓಡಬೇಡಿ. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಸಾಕು.

ಬೆಂಗಳೂರಿನಿಂದ ದಿಲ್ಲಿ ಮೂಲಕ ನೇರ ಲೇಹ್‌ಗೆ ಹಾರುವವರಿಗೆ ಇದೇ ಲೆಕ್ಕ ಇನ್ನೂ ಕಠಿಣ. 920 ಮೀಟರಿನಲ್ಲಿ ಮಲಗಿದ್ದವರು ಮರುರಾತ್ರಿ ಸುಮಾರು 3,500 ಮೀಟರಿನಲ್ಲಿ ಮಲಗುತ್ತಾರೆ. ಅಲ್ಲಿ ಕನಿಷ್ಠ ಎರಡು ರಾತ್ರಿ ಕಳೆಯದೆ ಖರ್ದುಂಗ್ಲಾ ದಾರಿಯನ್ನಾಗಲಿ ಮಾರ್ಖಾ ಕಣಿವೆಯನ್ನಾಗಲಿ ಹಿಡಿಯಬಾರದು.

ಸಂಜೆಯಿಂದ ಮಲಗುವವರೆಗೆ

ರಾತ್ರಿ ತಂಗುವ ಟೀ ಹೌಸಿಗೆ ಬಂದು ಒದ್ದೆ ಬನಿಯನ್ ಬದಲಿಸಿದ ಮೇಲೆ ತಕ್ಷಣ ಮಲಗಬೇಡಿ. ಮಧ್ಯಾಹ್ನದ ನಿದ್ದೆಯಲ್ಲೂ ಆಮ್ಲಜನಕ ಇಳಿಯುತ್ತದೆ, ತಲೆನೋವಿನೊಂದಿಗೆ ಏಳುತ್ತೀರಿ, ರಾತ್ರಿಯ ನಿದ್ದೆಯೂ ಹೋಗುತ್ತದೆ. ಕೂತಿರಿ, ಅಂಗಳದಲ್ಲಿ ಓಡಾಡಿ.

ದಿನಕ್ಕೆ ಮೂರು ಲೀಟರಿನ ಆಸುಪಾಸು ನೀರು, ಸೂಪು, ಚಹಾ ಸೇರಿ ಸಾಕು. ಐದಾರು ಲೀಟರ್ ಕುಡಿದರೆ ಬೇಗ ಒಗ್ಗುತ್ತದೆ ಎನ್ನುವುದು ಸುಳ್ಳು. ರಕ್ತದ ಉಪ್ಪಿನಂಶ ಇಳಿದು ಅದೇ ಬೇರೆ ತೊಂದರೆ ತರುತ್ತದೆ. ನೀರಿನ ಹೆಚ್ಚು ಪಾಲನ್ನು ಸಂಜೆಗೆ ಮೊದಲೇ ಕುಡಿದು ಮುಗಿಸಿ. ಆದರೂ ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಮೈನಸ್ ಹತ್ತರ ಚಳಿಯಲ್ಲಿ ಹೊರಗಿನ ಶೌಚಾಲಯಕ್ಕೆ ಹೋಗಿ ಬಂದರೆ ಮತ್ತೆ ಬೆಚ್ಚಗಾಗಲು ಅರ್ಧ ಗಂಟೆ ಬೇಕು. ಅಗಲ ಬಾಯಿಯ, ಬಿಗಿ ಮುಚ್ಚಳದ ಒಂದು ಲೀಟರ್ ಬಾಟಲಿಯನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಕುಡಿಯುವ ಬಾಟಲಿಗಿಂತ ಬೇರೆ ಆಕಾರದ್ದಿರಲಿ, ಕತ್ತಲಲ್ಲಿ ಕೈಗೆ ಗೊತ್ತಾಗಬೇಕು.

ಊಟದಲ್ಲಿ ಅನ್ನ, ಆಲೂಗಡ್ಡೆ, ದಾಲ್ ಭಾತ್ ಒಳ್ಳೆಯದು. ಮಲಗುವುದಕ್ಕೆ ಎರಡು ಗಂಟೆ ಮುಂಚೆ ಮುಗಿಸಿ. ಮದ್ಯ ಬೇಡ. ಅದು ನಿದ್ದೆ ಬರಿಸುತ್ತದೆ, ಆದರೆ ಉಸಿರಾಟವನ್ನು ತಗ್ಗಿಸಿ ರಾತ್ರಿಯ ಆಮ್ಲಜನಕವನ್ನು ಇನ್ನೂ ಇಳಿಸುತ್ತದೆ. ಮನೆಯಲ್ಲಿದ್ದ ನಿದ್ದೆ ಮಾತ್ರೆಯನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಹೋಗುವುದಕ್ಕೂ ಇದೇ ಆಕ್ಷೇಪ. ಡಯಾಜೆಪಾಮ್ ಜಾತಿಯ ಮಾತ್ರೆಗಳು ಉಸಿರನ್ನು ತಗ್ಗಿಸಬಲ್ಲವು. ನಿದ್ದೆ ಮಾತ್ರೆ ಬೇಕೇ ಬೇಕೆನ್ನುವವರು ಎತ್ತರದ ವಿಷಯ ಬಲ್ಲ ವೈದ್ಯರನ್ನು ಹೊರಡುವ ಮೊದಲೇ ಕೇಳಬೇಕು.

ಮಲಗುವಾಗ ತಲೆ ಮತ್ತು ಎದೆ ಸ್ವಲ್ಪ ಎತ್ತರದಲ್ಲಿರಲಿ. ಬರೀ ದಿಂಬು ಏರಿಸಿದರೆ ಕುತ್ತಿಗೆ ಬಾಗಿ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಹಾಸಿಗೆಯ ಕೆಳಗೆ ಡೌನ್ ಜಾಕೆಟ್, ಖಾಲಿ ಚೀಲ ಮಡಿಚಿಟ್ಟು ಭುಜದಿಂದಲೇ ಇಳಿಜಾರು ಮಾಡಿ. ಪವಾಡವೇನೂ ಆಗುವುದಿಲ್ಲ, ಆದರೆ ಮೂಗು ಕಟ್ಟಿದವರಿಗೆ ಹಿತ. ಸ್ಲೀಪಿಂಗ್ ಬ್ಯಾಗಿನೊಳಗೆ ಮುಖ ಮುಚ್ಚಿಕೊಳ್ಳಬೇಡಿ. ಟೋಪಿ ಹಾಕಿ, ಮೂಗು ಬಾಯಿ ಹೊರಗಿರಲಿ. ಒಣಗಾಳಿ ಗಂಟಲು ಕೆರೆಯುತ್ತಿದ್ದರೆ ಕುತ್ತಿಗೆಗೆ ಹಾಕಿ ಮೂಗಿನವರೆಗೆ ಎಳೆದುಕೊಳ್ಳುವ ತೆಳುವಾದ ಬಫ್ ಬಟ್ಟೆ ಸಾಕು.

ಚಳಿ ತಡೆಯಲಾರದೆ ಟೆಂಟಿನೊಳಗೆ ಸ್ಟವ್ ಉರಿಸುವುದು, ಮುಚ್ಚಿದ ಕೋಣೆಗೆ ಕೆಂಡ ತರುವುದು ಕೊಲ್ಲುವ ಅಭ್ಯಾಸ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ತರುವ ತಲೆನೋವು ಮತ್ತು ವಾಕರಿಕೆ ಪರ್ವತ ಕಾಯಿಲೆಯ ಹಾಗೇ ಇರುತ್ತದೆ. ಬೆರಳಿನ ಆಕ್ಸಿಮೀಟರ್ ಕೂಡ ಆಗ ಸುಳ್ಳೇ ಚೆನ್ನಾಗಿದೆ ಎಂದು ತೋರಿಸುತ್ತದೆ.

ಡೈಮಾಕ್ಸ್ ಏನು ಮಾಡುತ್ತದೆ

ಅಸೆಟಾಝೋಲಮೈಡ್, ಅಂಗಡಿಯಲ್ಲಿ ಡೈಮಾಕ್ಸ್. ಇದು ಮೂತ್ರಪಿಂಡಕ್ಕೆ ಬೈಕಾರ್ಬನೇಟ್ ಹೊರಹಾಕಲು ನೂಕು ಕೊಡುತ್ತದೆ. ದೇಹ ಎರಡು ಮೂರು ದಿನದಲ್ಲಿ ಮಾಡುವ ಕೆಲಸವನ್ನು ಒಂದು ದಿನದೊಳಗೆ ಶುರುಮಾಡಿಸುತ್ತದೆ. ರಕ್ತದ ಕ್ಷಾರ ಇಳಿದು ಉಸಿರಾಟದ ತಡೆ ತೆರೆಯುತ್ತದೆ. ರಾತ್ರಿ ಉಸಿರು ನಿಲ್ಲುವುದು ಕಡಿಮೆಯಾಗುತ್ತದೆ, ಆಮ್ಲಜನಕ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ‘ಡೈಮಾಕ್ಸ್ ಲಕ್ಷಣ ಮುಚ್ಚಿಡುತ್ತದೆ’ ಎಂಬ ಮಾತು ಚಾರಣದ ಹಾದಿಯಲ್ಲಿ ಕೇಳಿಬರುತ್ತದೆ. ಅದು ಹಾಗಲ್ಲ, ಒಗ್ಗುವುದನ್ನೇ ಬೇಗ ಮಾಡಿಸುತ್ತದೆ. ಲಕ್ಷಣ ಮುಚ್ಚಿಡುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧಿ.

ತಡೆಗಟ್ಟಲು ದೊಡ್ಡವರಿಗೆ ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಹತ್ತಲು ಶುರುಮಾಡುವ ಹಿಂದಿನ ದಿನದಿಂದ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ 250ರ ಮಾತ್ರೆ, ಆದ್ದರಿಂದ ಅರ್ಧ ಮಾಡಿ. ಬೇರೇನೂ ತೊಂದರೆಯಿಲ್ಲದೆ ಉಸಿರು ನಿಂತು ನಿದ್ದೆಗೆಡುವುದೊಂದೇ ಸಮಸ್ಯೆಯಾದರೆ ಮಲಗುವ ಮುಂಚೆ ಒಂದು 125 ಸಾಕಾಗುತ್ತದೆ. ಬೆರಳ ತುದಿ, ತುಟಿ ಜುಮುಜುಮು ಅನ್ನುವುದು, ಸೋಡಾ ಮತ್ತು ಬಿಯರ್ ರುಚಿಗೆಡುವುದು, ಮೂತ್ರ ಹೆಚ್ಚುವುದು ಇದರ ಮಾಮೂಲಿ ಅಡ್ಡಪರಿಣಾಮಗಳು. ಊರಲ್ಲಿರುವಾಗಲೇ ಎರಡು ದಿನ ನುಂಗಿ ನೋಡಿದರೆ ಮೇಲೆ ಹೋದಾಗ ಜುಮುಜುಮು ಬಂದರೆ ಹೆದರುವುದಿಲ್ಲ. ಸಲ್ಫಾ ಔಷಧಿಯ ಅಲರ್ಜಿ ತೀವ್ರವಾಗಿ ಆಗಿದ್ದವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಾತ್ರೆ ತೆಗೆದುಕೊಂಡಿದ್ದೇನೆ ಎಂದು 500 ಮೀಟರಿನ ನಿಯಮ ಮುರಿದರೆ ಲಾಭವೆಲ್ಲ ಅಲ್ಲೇ ಕರಗುತ್ತದೆ.

ಮನೆಯಲ್ಲೂ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುವವರ ಸಮಸ್ಯೆ ಬೇರೆ. ಅಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಎದೆ ಹೋರಾಡುತ್ತಿರುತ್ತದೆ. ಎತ್ತರದ ಉಸಿರುನಿಲುಗಡೆಯಲ್ಲಿ ಎದೆಯೇ ಸುಮ್ಮನಿರುತ್ತದೆ. ಎರಡೂ ಸೇರಿದರೆ ರಾತ್ರಿಯ ಆಮ್ಲಜನಕ ಬಹಳ ಇಳಿಯುತ್ತದೆ. ಸಿಪ್ಯಾಪ್ ಯಂತ್ರ ಬಳಸುವವರು ಹೊರಡುವ ಮುಂಚೆ ತಮ್ಮ ವೈದ್ಯರೊಂದಿಗೆ ಇದನ್ನೇ ನಿರ್ದಿಷ್ಟವಾಗಿ ಮಾತಾಡಬೇಕು.

ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ

ಎದ್ದು ಕೂತುಕೊಳ್ಳಿ. ದೀಪ ಹಚ್ಚಿ. ಎರಡು ನಿಮಿಷ ಏನೂ ಮಾಡದೆ ಸುಮ್ಮನೆ ಕೂತಿರಿ. ಇಡೀ ಪರೀಕ್ಷೆಯ ಮುಖ್ಯ ಭಾಗ ಇದೇ: ನಿದ್ದೆಯಲ್ಲಿ ನಿಂತ ಉಸಿರು ಎಚ್ಚರವಾದೊಡನೆ, ನಾಲ್ಕೈದು ಉಸಿರಿನಲ್ಲಿ, ಸಮಾಧಾನಕ್ಕೆ ಬರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಎಚ್ಚರವಾಗಿ ಕೂತರೂ ಏದುಸಿರು ನಿಲ್ಲುವುದಿಲ್ಲ, ಅಂಗಾತ ಮಲಗಿದರೆ ಇನ್ನೂ ಹೆಚ್ಚುತ್ತದೆ.

ಎರಡು ನಿಮಿಷದ ನಂತರ ಜೊತೆಗಾರರು ನಿಮ್ಮ ಉಸಿರನ್ನು ಒಂದು ಪೂರ್ತಿ ನಿಮಿಷ ಎಣಿಸಲಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಂತು ನಿಂತು ಬರುವ ಉಸಿರಿನಲ್ಲಿ ಲೆಕ್ಕ ತಪ್ಪುತ್ತದೆ. ಆಮೇಲೆ ಕೇಳಿಕೊಳ್ಳಬೇಕಾದ್ದು: ಕೆಮ್ಮು ಇದೆಯೇ, ಹೊಸದೇ? ಎದೆಯಲ್ಲಿ ಗುಳುಗುಳು ಸದ್ದಿದೆಯೇ, ಕಫದಲ್ಲಿ ನೊರೆ ಅಥವಾ ರಕ್ತದ ಬಣ್ಣವಿದೆಯೇ? ತುಟಿ ನೀಲಿಯೇ? ಹಗಲು ನಡೆಯುವಾಗ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳಲು ಶುರುವಾಗಿತ್ತೇ? ಕೊನೆಯ ಪ್ರಶ್ನೆಯನ್ನು ಲಘುವಾಗಿ ನೋಡಬೇಡಿ. ನಿನ್ನೆಯವರೆಗೆ ಮುಂದಿದ್ದವರು ಇವತ್ತು ಕಾರಣವಿಲ್ಲದೆ ಹಿಂದೆ ಬಿದ್ದದ್ದು ಎಷ್ಟೋ ಸಲ ಶ್ವಾಸಕೋಶದ ನೀರಿನ ಮೊದಲ ಸುಳಿವು. ಹೊಸ ಎತ್ತರಕ್ಕೆ ಬಂದ ಎರಡನೇ ರಾತ್ರಿಯ ಆಸುಪಾಸಿನಲ್ಲಿ ಅದು ಹೆಚ್ಚು ಕಾಣುತ್ತದೆ.

ಇನ್ನೊಂದು ಪರೀಕ್ಷೆ ಮೆದುಳಿಗೆ. ಎದ್ದು ನಿಂತು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಕೋಣೆಯೊಳಗೆ ನೇರ ಗೆರೆಯಲ್ಲಿ ಹತ್ತು ಹೆಜ್ಜೆ. ತೂರಾಡಿದರೆ, ಮಾತು ಗೊಂದಲವಾದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಅದು ಮೆದುಳಿನ ಊತವೆಂದೇ ತಿಳಿಯಬೇಕು. ಬೆಳಕಾಗಲಿ ಎಂದು ಕಾಯುವ ಕಾಯಿಲೆ ಅದಲ್ಲ. ಡೆಕ್ಸಾಮೆಥಾಸೋನ್ 8 ಮಿಲಿಗ್ರಾಂ, ನಂತರ ಆರು ಗಂಟೆಗೊಮ್ಮೆ 4, ಸಿಕ್ಕರೆ ಆಮ್ಲಜನಕ. ಇವೆಲ್ಲ ಇಳಿಯಲು ಸಮಯ ಕೊಡುವ ಸಾಧನಗಳು, ಇಳಿಯುವುದಕ್ಕೆ ಬದಲಿಯಲ್ಲ. ಶ್ವಾಸಕೋಶದ ನೀರಿನ ಅನುಮಾನವಿದ್ದರೂ ಹಾಗೆಯೇ: ಬೆಚ್ಚಗಿಟ್ಟು, ಸಾಧ್ಯವಾದಷ್ಟು ನಡೆಸದೆ, ಇಳಿಸಬೇಕು. ಲಕ್ಷಣ ತಗ್ಗುವವರೆಗೆ, ಸಾಮಾನ್ಯವಾಗಿ 300ರಿಂದ 1,000 ಮೀಟರ್. ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ನಡೆಸುವ ಚಿಕಿತ್ಸಾಕೇಂದ್ರ ವಸಂತ ಮತ್ತು ಶರತ್ ಚಾರಣಕಾಲಗಳಲ್ಲಿ ತೆರೆದಿರುತ್ತದೆ. ದಿಂಗ್‌ಬೋಚೆಯಿಂದ ಅದು ಪಕ್ಕದ ದಿಣ್ಣೆಯ ಆಚೆ.

ಆಕ್ಸಿಮೀಟರಿನ ಬಗ್ಗೆ ಒಂದು ಮಾತು. ಎದ್ದ ತಕ್ಷಣ, ತಣ್ಣನೆಯ ಬೆರಳಿಗೆ ಸಿಕ್ಕಿಸಿದರೆ 68, 72 ಎಂದು ಬಂದು ಎದೆ ಧಸಕ್ಕೆನ್ನುತ್ತದೆ. ಕೈ ಬೆಚ್ಚಗೆ ಮಾಡಿ, ಐದು ನಿಮಿಷ ಕೂತ ಮೇಲೆ, ತೆರೆಯಲ್ಲಿ `SpO2` ಅಂಕಿ ಒಂದು ನಿಮಿಷ ನಿಲ್ಲುವವರೆಗೆ ನೋಡಿ. ದಿಂಗ್‌ಬೋಚೆಯ ಎತ್ತರದಲ್ಲಿ ಎಚ್ಚರವಾಗಿ ಕೂತವರಿಗೆ 80ರಿಂದ 90ರ ನಡುವೆ ಬರುವುದು ಮಾಮೂಲು, ನಿದ್ದೆಯಲ್ಲಿ ಅದಕ್ಕಿಂತ ಕೆಳಗೆ ಏರಿಳಿಯುತ್ತಿರುತ್ತದೆ. ಒಂಟಿ ಅಂಕಿಗಿಂತ ಹೋಲಿಕೆ ಹೆಚ್ಚು ಉಪಯೋಗ: ಗುಂಪಿನ ಉಳಿದವರು 85ರಲ್ಲಿದ್ದಾಗ ಒಬ್ಬರು 70ರಲ್ಲಿ, ಅದರ ಜೊತೆಗೆ ಕೆಮ್ಮು ಅಥವಾ ಏದುಸಿರು ಇದ್ದರೆ, ಆಗ ಅದು ಸುದ್ದಿ. ರಾತ್ರಿ ಹತ್ತು ಸಲ ಅಳೆಯುವವರು ಮಾತ್ರ ಅದನ್ನು ಗೈಡ್ ಕೈಗೆ ಕೊಟ್ಟು ಮಲಗುವುದು ಒಳ್ಳೆಯದು.

ಒಂದು ರಾತ್ರಿಯ ಲೆಕ್ಕ

ಹೀಗೆ ಇಟ್ಟುಕೊಳ್ಳೋಣ. ನಲವತ್ತೈದರ ಒಬ್ಬರು ದಿಂಗ್‌ಬೋಚೆಯ ಮೊದಲ ರಾತ್ರಿ ಒಂದೂವರೆಗೆ ಉಸಿರುಕಟ್ಟಿ ಎದ್ದರು. ಡೈಮಾಕ್ಸ್ ತೆಗೆದುಕೊಂಡಿಲ್ಲ. ಜೊತೆಗಿರುವ ಹೆಂಡತಿ ಅರ್ಧ ಗಂಟೆಯಿಂದ ಕೇಳುತ್ತಿದ್ದಾರೆ: ‘ರೀ, ನೀವು ನಾಲ್ಕು ಸಲ ಉಸಿರಾಡಿ ನಿಲ್ಲಿಸಿಬಿಡ್ತೀರಿ, ನಾನು ಹನ್ನೆರಡರವರೆಗೆ ಎಣಿಸಿದೆ.’

ಕೂತ ಎರಡು ನಿಮಿಷಕ್ಕೆ ಏದುಸಿರಿಲ್ಲ. ಎಣಿಸಿದರೆ ನಿಮಿಷಕ್ಕೆ 18 ಉಸಿರು. ಕೆಮ್ಮಿಲ್ಲ. ಬೆಚ್ಚಗಿನ ಬೆರಳಿನಲ್ಲಿ 83, ಅವರ ಹೆಂಡತಿಗೆ 86. ನೇರ ಗೆರೆಯ ನಡಿಗೆ ಸರಿ. ಆದರೆ ಹಣೆಯಲ್ಲಿ ಸಣ್ಣ ತಲೆನೋವು, ಸಂಜೆ ಊಟ ಅರ್ಧಕ್ಕೇ ಬಿಟ್ಟಿದ್ದರು, ಮೈ ಭಾರ. ಲೇಕ್ ಲೂಯಿಸ್ ಪಟ್ಟಿಯಲ್ಲಿ ತಲೆನೋವು, ಹೊಟ್ಟೆ, ಸುಸ್ತು, ತಲೆಸುತ್ತು ಎಂಬ ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಇವರಿಗೆ ತಲೆನೋವು 1, ಹಸಿವಿಲ್ಲದ್ದಕ್ಕೆ 1, ಸುಸ್ತು 1, ತಲೆಸುತ್ತು 0. ಒಟ್ಟು 3. ತಲೆನೋವಿನ ಜೊತೆ 3 ಬಂದರೆ ಸೌಮ್ಯ ಪರ್ವತ ಕಾಯಿಲೆ.

ಅಂದರೆ ಇಲ್ಲಿ ಎರಡು ವಿಷಯ ಒಟ್ಟಿಗೆ ನಡೆಯುತ್ತಿವೆ. ಉಸಿರು ನಿಲ್ಲುವುದು ಈ ಎತ್ತರದ ಮಾಮೂಲು. ಅಂಕ ಕೊಟ್ಟದ್ದು ಅದಕ್ಕಲ್ಲ, ತಲೆನೋವು, ಹೊಟ್ಟೆ ಮತ್ತು ಸುಸ್ತಿಗೆ. ಈಗ ಇಳಿಯುವ ಅಗತ್ಯವಿಲ್ಲ, ಆದರೆ ಮೇಲೆ ಹೋಗುವಂತಿಲ್ಲ. ಒಂದು ಪ್ಯಾರಾಸಿಟಮಾಲ್, ಸ್ವಲ್ಪ ನೀರು, ಭುಜದ ಕೆಳಗೆ ಜಾಕೆಟ್, ಸಲ್ಫಾ ಅಲರ್ಜಿ ಇಲ್ಲದಿದ್ದರೆ ಡೈಮಾಕ್ಸ್. ಕಾಯಿಲೆಯ ಚಿಕಿತ್ಸೆಗೆ ಅದು 250 ಮಿಲಿಗ್ರಾಂ, ದಿನಕ್ಕೆರಡು ಸಲ. ಹೆಂಡತಿ ಪ್ರತಿ ಸಲ ಉಸಿರು ನಿಂತಾಗಲೂ ಅಲ್ಲಾಡಿಸಿ ಎಬ್ಬಿಸುವುದು ಬೇಡ, ಅದರಿಂದ ಇಬ್ಬರ ನಿದ್ದೆಯೂ ಹಾಳು. ಅವರು ಗಮನಿಸಬೇಕಾದ್ದು ಹೊಸ ಕೆಮ್ಮು, ಮತ್ತು ಎಬ್ಬಿಸಿದರೆ ಸರಿಯಾಗಿ ಉತ್ತರ ಬರುತ್ತದೆಯೇ ಎನ್ನುವುದು.

ಮರುದಿನ ಹೇಗೂ ದಿಂಗ್‌ಬೋಚೆಯಲ್ಲೇ ಎರಡನೇ ರಾತ್ರಿ. ಗುಡ್ಡದ ಹತ್ತುವಿಕೆ ತಲೆನೋವು ಪೂರ್ತಿ ಹೋದರೆ ಮಾತ್ರ, ಅದೂ ಅರ್ಧದಷ್ಟು. ಸಂಜೆ ಮತ್ತೆ ಅಂಕ ಹಾಕಬೇಕು. 0 ಅಥವಾ 1 ಬಂದು ಊಟ ಸೇರಿದರೆ, ರಾತ್ರಿ ಉಸಿರು ಇನ್ನೂ ನಿಂತು ನಿಂತು ಬರುತ್ತಿದ್ದರೂ, ತುಕ್ಲಾಕ್ಕೆ ಹೋಗಬಹುದು. 3ರಲ್ಲೇ ಉಳಿದರೆ ದಿಂಗ್‌ಬೋಚೆಯಲ್ಲಿ ಮೂರನೇ ರಾತ್ರಿ. ಅಂಕ ಏರಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ಸಂಜೆ ಎಷ್ಟು ಹೊತ್ತಾಗಿದ್ದರೂ ಗೈಡ್ ಜೊತೆ ಪಾಂಗ್‌ಬೋಚೆಗೆ: 480 ಮೀಟರ್ ಇಳಿಜಾರು, ಸ್ಪಷ್ಟ ದಾರಿ. ಒಬ್ಬರನ್ನೇ ಮಾತ್ರ ಕಳಿಸಬಾರದು.